ಕೋಡ್ ಪೇಜ್ 932: ಹಳೆಯ ಜಪಾನಿ ಆಟಗಳು ತೆರೆದುಕೊಳ್ಳದಿರುವುದೇಕೆ?

2002ರ ಆಗಸ್ಟ್‌ನಲ್ಲಿ ಟೋಕಿಯೊದ ಕಾಮಿಕೆಟ್ ಮೇಳದಲ್ಲಿ ಒಂದು ಸಿ.ಡಿ. ಮಾರಾಟಕ್ಕೆ ಬಂತು. ಝುನ್ ಎಂಬ ಹೆಸರಿನಿಂದ ಪರಿಚಿತರಾದ ಒಬ್ಬರೇ ವ್ಯಕ್ತಿ ಪ್ರೋಗ್ರಾಂ ಬರೆದು, ಚಿತ್ರ ಬಿಡಿಸಿ, ಸಂಗೀತವನ್ನೂ ಕೂರಿಸಿದ ಆಟ ಅದು. ಹೆಸರು ‘ಟೋಹೋ ಕೋಮಾಕ್ಯೋ’. ಟೋಹೋ ಸರಣಿಯ ಆರನೆಯ ಆಟವಾದರೂ ವಿಂಡೋಸ್‌ನಲ್ಲಿ ಓಡಿದ್ದರಲ್ಲಿ ಇದೇ ಮೊದಲನೆಯದು. ಹಿಂದಿನ ಐದೂ ಎನ್‌ಇಸಿ ಕಂಪನಿಯ ಪಿಸಿ-98 ಯಂತ್ರಗಳಿಗಾಗಿ ಬಂದಿದ್ದವು. ಮುಂದೆ ಈ ಸರಣಿಗೆ ಜಗತ್ತಿನಾದ್ಯಂತ ಅಭಿಮಾನಿಗಳು ಹುಟ್ಟಿಕೊಂಡರು. ಆದರೆ ಬೆಂಗಳೂರಿನಲ್ಲೋ ಬಾಸ್ಟನ್ನಿನಲ್ಲೋ ಕೊಂಡ ಸಾಮಾನ್ಯ ಕಂಪ್ಯೂಟರಿಗೆ ಈ ಆಟವನ್ನು ಹಾಕಿ ಎರಡು ಸಲ ಕ್ಲಿಕ್ ಮಾಡಿದರೆ ಅದು ತನ್ನದೇ ಫೈಲುಗಳು ಸಿಗುತ್ತಿಲ್ಲವೆಂದು ಹಟ ಹಿಡಿಯುತ್ತದೆ, ಇಲ್ಲವೇ ಅರ್ಥವಾಗದ ಚಿಹ್ನೆಗಳನ್ನು ತೆರೆಯ ತುಂಬ ಚೆಲ್ಲುತ್ತದೆ. ಸಿ.ಡಿ.ಗೆ ಗೀರು ಬಿದ್ದಿರುವುದಿಲ್ಲ, ಡೌನ್‌ಲೋಡ್ ಅರ್ಧಕ್ಕೆ ನಿಂತಿರುವುದಿಲ್ಲ, ಗ್ರಾಫಿಕ್ಸ್ ಕಾರ್ಡಿನ ತಪ್ಪೂ ಇರುವುದಿಲ್ಲ. ವಿಂಡೋಸ್‌ನ ಒಂದೇ ಒಂದು ಸೆಟ್ಟಿಂಗ್ ಇದಕ್ಕೆಲ್ಲ ಕಾರಣ.

ಆ ಸೆಟ್ಟಿಂಗ್ ಏಕೆ ಇದೆ ಎಂಬುದರಿಂದಲೇ ಶುರುಮಾಡೋಣ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂದು ಹೇಳುವ ಕೋಷ್ಟಕ ಬೇಕು. ಇಂದು ಜಗತ್ತಿನ ಬಹುತೇಕ ಲಿಪಿಗಳಿಗೆ ಯೂನಿಕೋಡ್ ಎಂಬ ಒಂದೇ ಕೋಷ್ಟಕವಿದೆ. ಅದಕ್ಕೂ ಮೊದಲು ಒಂದೊಂದು ಭಾಷಾ ಪ್ರದೇಶಕ್ಕೆ ಒಂದೊಂದು ಕೋಷ್ಟಕವಿತ್ತು. ವಿಂಡೋಸ್ ಪರಿಭಾಷೆಯಲ್ಲಿ ಅದಕ್ಕೆ ಕೋಡ್ ಪೇಜ್ ಎನ್ನುತ್ತಾರೆ. ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಭಾಷೆಗಳಿಗೆ 1252, ಜಪಾನಿಗೆ 932. ಈ 932 ಎಂಬುದು ಶಿಫ್ಟ್-ಜಿಸ್ ಎಂಬ ಜಪಾನಿ ಪದ್ಧತಿಗೆ ಮೈಕ್ರೋಸಾಫ್ಟ್ ಕೊಟ್ಟ ರೂಪ. 1252ರಲ್ಲಿ ಒಂದು ಬೈಟ್ ಎಂದರೆ ಒಂದು ಅಕ್ಷರ. 932ರಲ್ಲಿ ಕೆಲವು ಬೈಟ್‌ಗಳು ಒಂಟಿಯಾಗಿ ನಿಲ್ಲುವುದಿಲ್ಲ. ಅಂಥ ಬೈಟ್ ಬಂದರೆ ಅದರ ಮುಂದಿನದನ್ನೂ ಸೇರಿಸಿಕೊಂಡು ಒಂದು ಅಕ್ಷರ ಎಂದು ಓದಬೇಕು. ಸಾವಿರಾರು ಕಾಂಜಿ ಚಿಹ್ನೆಗಳಿರುವ ಭಾಷೆಗೆ ಬೇರೆ ದಾರಿ ಇರಲಿಲ್ಲ.

ವಿಂಡೋಸ್‌ನಲ್ಲಿ ಅಕ್ಷರಗಳಿಗೆ ಸಂಬಂಧಿಸಿದ ಬಹುತೇಕ ಕೆಲಸಗಳಿಗೆ ಎರಡೆರಡು ಬಾಗಿಲುಗಳಿವೆ. ಫೈಲ್ ತೆರೆಯಲು `CreateFileA` ಎಂಬುದು ಒಂದು, `CreateFileW` ಎಂಬುದು ಇನ್ನೊಂದು. ಕೊನೆಯಲ್ಲಿ W ಇರುವುದು ಯೂನಿಕೋಡ್ ಬಾಗಿಲು. A ಇರುವುದು ಹಳೆಯ ಬಾಗಿಲು. ಅದರ ಮೂಲಕ ಬಂದ ಬೈಟ್‌ಗಳನ್ನು ವಿಂಡೋಸ್ ತನ್ನಲ್ಲಿ ಆಗ ಜಾರಿಯಲ್ಲಿರುವ ಕೋಡ್ ಪೇಜ್ ನೋಡಿ ಯೂನಿಕೋಡಿಗೆ ತಿರುಗಿಸಿಕೊಳ್ಳುತ್ತದೆ. 2002ರಲ್ಲಿ ಆಟ ಬರೆಯುವವರು A ಬಾಗಿಲನ್ನೇ ಆರಿಸಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಆಗ ಮನೆಮನೆಗಳಲ್ಲಿದ್ದ ವಿಂಡೋಸ್ 98ರಲ್ಲಿ W ಬಾಗಿಲುಗಳಲ್ಲಿ ಹೆಚ್ಚಿನವು ಹೆಸರಿಗೆ ಮಾತ್ರ ಇದ್ದವು. ಕೊಳ್ಳುವವರೆಲ್ಲ ಜಪಾನಿ ವಿಂಡೋಸ್ ಬಳಸುವವರೇ ಆದ್ದರಿಂದ ಕೋಡ್ ಪೇಜ್ 932 ಇದ್ದೇ ಇರುತ್ತದೆ ಎಂದು ಲೇಖಕರು ನಂಬಿದರು, ಆ ನಂಬಿಕೆ ಅವರ ಊರಿನಲ್ಲಿ ಸರಿಯಾಗಿಯೇ ಇತ್ತು. ಅದನ್ನು ಅಜಾಗರೂಕತೆ ಎನ್ನಲು ನಾನು ಒಪ್ಪುವುದಿಲ್ಲ.

ಭಾರತದಲ್ಲಿ ಮಾರುವ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಆಯ್ಕೆಯೇ ಇರುತ್ತದೆ, ಅಂದರೆ ಕೋಡ್ ಪೇಜ್ 1252. ಈಗ ಆ ಆಟದ ಹೆಸರನ್ನೇ ತೆಗೆದುಕೊಂಡು ನೋಡೋಣ. ಕಾಂಜಿಯಲ್ಲಿ ಐದು ಅಕ್ಷರ, ಬೈಟ್‌ಗಳಲ್ಲಿ ಹತ್ತು. ಅದೇ ಹತ್ತು ಬೈಟ್‌ಗಳನ್ನು ಮೂರು ಕೋಷ್ಟಕಗಳಲ್ಲಿ ಓದಿದರೆ ಹೀಗೆ ಕಾಣುತ್ತವೆ:

```
93 8C 95 FB 8D 67 96 82 8B BD

932  :  東方紅魔郷
1252 :  “Œ•ûg–‚‹½
437  :  ôîò√ìgûéï╜
```

ಮೊದಲ ಸಾಲು ಲೇಖಕರು ಬರೆದದ್ದು. ಎರಡನೆಯದು ಇಂಗ್ಲಿಷ್ ವಿಂಡೋಸ್ ಓದಿಕೊಂಡದ್ದು. ಅದರಲ್ಲಿ ಒಂಬತ್ತೇ ಚಿಹ್ನೆ ಕಾಣುತ್ತವೆ, ಏಕೆಂದರೆ 8D ಎಂಬ ಬೈಟಿಗೆ 1252ರಲ್ಲಿ ಯಾವ ಅಕ್ಷರವೂ ಇಲ್ಲ, ಅದು ಕಣ್ಣಿಗೆ ಕಾಣದೆ ನಡುವೆ ಕೂತಿರುತ್ತದೆ. ಮೂರನೆಯ ಸಾಲಿಗೆ ಆಮೇಲೆ ಬರುತ್ತೇನೆ.

ಕೋಮಾಕ್ಯೋ ತೆರೆದುಕೊಳ್ಳದೆ ಹೋಗುವುದೂ ಇದರಿಂದಲೇ. ಆಟದ ಚಿತ್ರ, ಸಂಗೀತ, ಸಂಭಾಷಣೆಯೆಲ್ಲ ಕೆಲವು ದೊಡ್ಡ ಫೈಲುಗಳಲ್ಲಿ ಮೂಟೆ ಕಟ್ಟಿದಂತೆ ಇವೆ. ಆ ಫೈಲುಗಳ ಹೆಸರು ಆಟದ ಹೆಸರಿನ ಕೊನೆಯ ಮೂರು ಕಾಂಜಿಗಳಿಂದ ಶುರುವಾಗಿ, ಅದರ ಹಿಂದೆ `CM.DAT`, `IN.DAT`, `ST.DAT` ಎಂದು ಸೇರಿಕೊಳ್ಳುತ್ತವೆ. ಹಾರ್ಡ್ ಡಿಸ್ಕಿನಲ್ಲಿ ಆ ಹೆಸರುಗಳು ಯೂನಿಕೋಡಿನಲ್ಲಿ, ಕಾಂಜಿಯಲ್ಲೇ ಸರಿಯಾಗಿ ಇವೆ ಎಂದುಕೊಳ್ಳಿ. ಆಟ ಹಳೆಯ ಬಾಗಿಲಿಗೆ ಬಂದು `8D 67 96 82 8B BD` ಎಂದು ಶುರುವಾಗುವ ಫೈಲ್ ಕೊಡು ಎನ್ನುತ್ತದೆ. ವಿಂಡೋಸ್ ಅದನ್ನು 1252ರಲ್ಲಿ ಓದಿ, `g–‚‹½` ಎಂದು ಶುರುವಾಗುವ ಫೈಲಿಗಾಗಿ ಹುಡುಕಾಡಿ, ಇಲ್ಲ ಎನ್ನುತ್ತದೆ. ಫೈಲ್ ಪಕ್ಕದಲ್ಲೇ ಇದ್ದರೂ ಆಟಕ್ಕೆ ಸಿಗುವುದಿಲ್ಲ. ಅಕ್ಷರ ಕಲಸಿಹೋಗುವುದು, ಆಟವೇ ಓಡದಿರುವುದು ಎರಡೂ ಒಂದೇ ಕಾಯಿಲೆಯ ಎರಡು ಲಕ್ಷಣಗಳು. ಬೈಟ್‌ಗಳು ತೆರೆಗೆ ಹೋದರೆ ಕಲಸಿದ ಅಕ್ಷರ, ಫೈಲ್ ವ್ಯವಸ್ಥೆಗೆ ಹೋದರೆ ‘ಫೈಲ್ ಇಲ್ಲ’ ಎಂಬ ಉತ್ತರ. ತನ್ನ ಫೈಲುಗಳಿಗೆಲ್ಲ ಇಂಗ್ಲಿಷ್ ಹೆಸರು ಇಟ್ಟುಕೊಂಡ ಆಟವಾದರೆ ಓಡುತ್ತದೆ, ಮಾತುಗಳು ಮಾತ್ರ ಕೆಡುತ್ತವೆ.

ಇನ್ನೊಂದು ಸೂಕ್ಷ್ಮವಿದೆ. 932ರಲ್ಲಿ ಕೆಲವು ಅಕ್ಷರಗಳ ಎರಡನೆಯ ಬೈಟ್ 5C. ‘ಸೋ’ ಎಂಬ ಕಟಕಾನ ಅಕ್ಷರ `83 5C`, ‘ಕೋಷ್ಟಕ, ಮೇಲ್ಮೈ’ ಎಂಬ ಅರ್ಥದ ಕಾಂಜಿ `95 5C`. ಒಂಟಿಯಾಗಿ ಓದಿದರೆ 5C ಎಂಬುದು ವಿಂಡೋಸ್‌ನಲ್ಲಿ ಒಂದು ಫೋಲ್ಡರನ್ನು ಇನ್ನೊಂದರಿಂದ ಬೇರ್ಪಡಿಸುವ ಹಿಮ್ಮುಖ ಗೆರೆ. ಹಾಗಾಗಿ ಅಂಥ ಅಕ್ಷರವಿರುವ ಹೆಸರು ತಪ್ಪು ಕೋಷ್ಟಕದಲ್ಲಿ ಎರಡು ತುಂಡಾಗಿ, ಇಲ್ಲದ ಫೋಲ್ಡರಿನೊಳಗೆ ಇಲ್ಲದ ಫೈಲನ್ನು ಹುಡುಕುವಂತಾಗುತ್ತದೆ. ಆಟ ಅರ್ಧ ದಾರಿಯವರೆಗೆ ಚೆನ್ನಾಗಿ ಓಡಿ, ಯಾವುದೋ ಒಂದು ಚಿತ್ರವೋ ಧ್ವನಿಯೋ ಬರಬೇಕಾದ ಜಾಗದಲ್ಲಿ ಪ್ರತಿ ಸಲವೂ ನಿಂತುಬಿಡುವುದಕ್ಕೆ ಇದೂ ಒಂದು ಕಾರಣ.

ಈ ತೊಂದರೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಎಂದರೆ ಕೆಟ್ಟ ಅಕ್ಷರಗಳು ಸುಮ್ಮನೆ ಕೆಟ್ಟಿರುವುದಿಲ್ಲ. ಎಲ್ಲಿ ಕೆಟ್ಟೆವು ಎಂಬುದನ್ನು ಅವೇ ಹೇಳುತ್ತವೆ. ನೋಡಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ತೆರೆಯ ಮೇಲೆ `ƒ`, `‚`, `“` ಇಂಥ ಚಿಹ್ನೆಗಳು ಒಂದರ ಹಿಂದೊಂದು ಬರುತ್ತಿದ್ದರೆ ಅದು 1252ರ ಗುರುತು. ಜಪಾನಿಯ ಕಟಕಾನ ಅಕ್ಷರಗಳಲ್ಲಿ ಹೆಚ್ಚಿನವು 83ರಿಂದ ಶುರುವಾಗುತ್ತವೆ, 1252ರಲ್ಲಿ 83 ಎಂದರೆ `ƒ`. ಹಿರಗನ 82ರಿಂದ, ಅಂದರೆ `‚`. ಇಂಥ ಸಂದರ್ಭದಲ್ಲಿ ಬೈಟ್‌ಗಳು ಇದ್ದ ಹಾಗೇ ಇವೆ, ಓಡಿಸುವಾಗಿನ ಕೋಷ್ಟಕ ಮಾತ್ರ ತಪ್ಪಿದೆ. ಸೆಟ್ಟಿಂಗ್ ಬದಲಿಸಿದರೆ ಸಾಕು.

ಫೈಲುಗಳ ಹೆಸರಿನಲ್ಲೇ `â`, `ü`, `╜`, `√` ಎಂಬಂಥವು ಕಂಡರೆ ಅದು ಮೇಲಿನ ಮೂರನೆಯ ಸಾಲಿನ ಜಾತಿ. 437 ಎಂಬುದು ಡಾಸ್ ಕಾಲದ ಅಮೆರಿಕನ್ ಕೋಷ್ಟಕ. ಜಿಪ್ ಫೈಲುಗಳ ಮೂಲ ಕ್ರಮದಲ್ಲಿ ಹೆಸರುಗಳು ಇದರಲ್ಲಿವೆ ಎಂದೇ ಲೆಕ್ಕ. ಜಪಾನಿನಲ್ಲಿ ಕಟ್ಟಿದ ಹಳೆಯ ಜಿಪ್‌ನಲ್ಲಿ ಹೆಸರುಗಳ ಬೈಟ್‌ಗಳಿರುತ್ತವೆ, ಅವು ಯಾವ ಕೋಷ್ಟಕದವು ಎಂಬ ಮಾಹಿತಿ ಇರುವುದಿಲ್ಲ. ಬಿಚ್ಚುವ ತಂತ್ರಾಂಶ 437 ಎಂದುಕೊಂಡು ಆ ಹೆಸರುಗಳನ್ನು ಯೂನಿಕೋಡಿಗೆ ತಿರುಗಿಸಿ ಡಿಸ್ಕಿಗೆ ಬರೆದುಬಿಡುತ್ತದೆ. ಇಲ್ಲಿಂದಾಚೆಗೆ ವಿಂಡೋಸ್‌ನ ಸೆಟ್ಟಿಂಗ್ ಎಷ್ಟು ಸರಿಪಡಿಸಿದರೂ ಪ್ರಯೋಜನವಿಲ್ಲ. ಆಟ ಈಗ ಸರಿಯಾದ ಹೆಸರನ್ನೇ ಕೇಳುತ್ತದೆ, ಡಿಸ್ಕಿನಲ್ಲಿ ಇರುವುದು ಕೆಟ್ಟ ಹೆಸರು. ಎಷ್ಟೋ ಜನ ಸೆಟ್ಟಿಂಗ್ ಬದಲಿಸಿ, ಕಂಪ್ಯೂಟರ್ ಮರುಚಾಲನೆ ಮಾಡಿ, ಆಟ ಇನ್ನೂ ಓಡಲಿಲ್ಲ ಎಂದು ಕೈಬಿಡುವುದು ಇಲ್ಲಿಯೇ. ಬಿಚ್ಚಿದ ಫೋಲ್ಡರನ್ನು ಅಳಿಸಿ, ಮೂಲ ಜಿಪ್ ಅನ್ನು ಸರಿಯಾದ ಕೋಷ್ಟಕ ಹೇಳಿ ಮತ್ತೆ ಬಿಚ್ಚಬೇಕು. ಸೆವೆನ್-ಜಿಪ್ ಇದ್ದರೆ ಕಮಾಂಡ್ ಹೀಗೆ:

```
7z x game.zip -mcp=932
```

ಮೂರನೆಯ ಬಗೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. `?????` ಎಂದು ಕಂಡರೆ ತಿರುಗಿಸುವಿಕೆ ಎದುರು ದಿಕ್ಕಿನಲ್ಲಿ ನಡೆದಿದೆ ಎಂದರ್ಥ. ಡಿಸ್ಕಿನಲ್ಲಿ ಯೂನಿಕೋಡ್ ಹೆಸರಿತ್ತು, ಹಳೆಯ ಬಾಗಿಲಿನಿಂದ ಆಟಕ್ಕೆ ಕೊಡುವಾಗ ಕೋಡ್ ಪೇಜಿನಲ್ಲಿ ಅಂಥ ಅಕ್ಷರವೇ ಇರಲಿಲ್ಲ, ವಿಂಡೋಸ್ ಅದರ ಬದಲಿಗೆ ಪ್ರಶ್ನಾರ್ಥಕ ಇಟ್ಟಿತು. ಇಲ್ಲಿ ಆಟದ ಕೈಗೆ ಬಂದ ಮಾಹಿತಿ ನಿಜವಾಗಿಯೂ ಕಳೆದುಹೋಗಿದೆ. ಫೈಲ್ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗೆ ವಿಂಡೋಸ್ ಅವಕಾಶ ಕೊಡುವುದಿಲ್ಲವಾದ್ದರಿಂದ ಆ ಹೆಸರಿನಿಂದ ಮತ್ತೆ ಫೈಲ್ ತೆರೆಯುವುದೂ ಅಸಾಧ್ಯ. ಇನ್ನು ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಕೋಡ್ ಪೇಜ್ ಮೇಲೆ ಅನುಮಾನ ಪಡಬೇಡಿ. ಹೆಚ್ಚಾಗಿ ಅದು ಜಪಾನಿ ಫಾಂಟ್ ಇಲ್ಲದ ಸಮಸ್ಯೆ, ಫಾಂಟ್ ಹಾಕಿದರೆ ಸರಿಹೋಗುತ್ತದೆ.

ಈಗ ಆ ಸೆಟ್ಟಿಂಗ್ ಎಲ್ಲಿದೆ ಎಂದು ನೋಡೋಣ. ವಿಂಡೋಸ್ 10ರಲ್ಲೂ 11ರಲ್ಲೂ ನಡೆಯುವ ದಾರಿ ಒಂದೇ. ವಿಂಡೋಸ್ ಕೀಲಿಯ ಜೊತೆ R ಒತ್ತಿ `intl.cpl` ಎಂದು ಟೈಪ್ ಮಾಡಿ. ತೆರೆದ ಕಿಟಕಿಯಲ್ಲಿ `Administrative` ಎಂಬ ಹಾಳೆಗೆ ಹೋಗಿ. ಅಲ್ಲಿ `Language for non-Unicode programs` ಎಂಬ ಭಾಗದ ಕೆಳಗೆ `Change system locale...` ಎಂಬ ಗುಂಡಿ ಇದೆ. ಅದನ್ನು ಒತ್ತಿ `Japanese (Japan)` ಆರಿಸಿ, ಕಂಪ್ಯೂಟರನ್ನು ಮರುಚಾಲನೆ ಮಾಡಬೇಕು. ನಿಮ್ಮ ಮೆನುಗಳು ಜಪಾನಿಯಾಗುವುದಿಲ್ಲ, ಅವು ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಇದ್ದ ಹಾಗೇ ಇರುತ್ತವೆ. ಹಾಗೆಯೇ, ಭಾಷೆಗಳ ಪಟ್ಟಿಗೆ ಜಪಾನಿ ಸೇರಿಸುವುದು, ಜಪಾನಿ ಕೀಲಿಮಣೆ ಹಾಕಿಕೊಳ್ಳುವುದು ಇದಕ್ಕೆ ಪರ್ಯಾಯವಲ್ಲ. ಅವು ಬೇರೆ, ಇದು ಬೇರೆ.

ಆ ಪುಟ್ಟ ಕಿಟಕಿಯಲ್ಲೇ ಒಂದು ಬಲೆಯೂ ಇದೆ. `Beta: Use Unicode UTF-8 for worldwide language support` ಎಂಬ ಚೌಕ ಅಲ್ಲಿ ಕಾಣುತ್ತದೆ. ಹೆಸರು ಕೇಳಿದರೆ ಜಗತ್ತಿನ ಎಲ್ಲ ಭಾಷೆಗಳೂ ಸರಿಹೋಗುತ್ತವೆ ಎನ್ನಿಸುವುದು ಸಹಜ, ಹಾಗಾಗಿಯೇ ಜನ ಅದಕ್ಕೆ ಗುರುತು ಹಾಕುತ್ತಾರೆ. ಹಾಕಿದೊಡನೆ ಮೇಲೆ ಆರಿಸಿದ ಜಪಾನಿಗೆ ಬೆಲೆ ಇಲ್ಲದಂತಾಗಿ ಕೋಡ್ ಪೇಜ್ 65001 ಆಗಿಬಿಡುತ್ತದೆ. ಹೊಸ ಪ್ರೋಗ್ರಾಂಗಳಿಗೆ ಅದು ಒಳ್ಳೆಯದೇ ಇರಬಹುದು. ಆದರೆ 932ರ ಬೈಟ್‌ಗಳು ಯುಟಿಎಫ್-8ರ ನಿಯಮಕ್ಕೆ ಹೊಂದುವುದಿಲ್ಲ, ಹಳೆಯ ಆಟ ಮೊದಲಿಗಿಂತ ಕೆಟ್ಟದಾಗಿ ಮುಗ್ಗರಿಸುತ್ತದೆ. ಆ ಗುರುತನ್ನು ತೆಗೆದಿರಬೇಕು. ಮರುಚಾಲನೆ ಆದ ಮೇಲೆ, ನಿಜವಾಗಿ ಯಾವ ಕೋಷ್ಟಕ ಜಾರಿಯಲ್ಲಿದೆ ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಕೇಳಿ:

```
reg query HKLM\SYSTEM\CurrentControlSet\Control\Nls\CodePage /v ACP
```

ಉತ್ತರ 932 ಎಂದಿದ್ದರೆ ಸೆಟ್ಟಿಂಗ್ ಸರಿಯಾಗಿದೆ. 1252 ಎಂದಿದ್ದರೆ ಬದಲಾವಣೆ ಇನ್ನೂ ಆಗಿಲ್ಲ. 65001 ಎಂದರೆ ಆ ಚೌಕದಲ್ಲಿ ಗುರುತು ಉಳಿದುಕೊಂಡಿದೆ.

ಇಷ್ಟು ಹೇಳಿದ ಮೇಲೆ, ಇಡೀ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು ಕನ್ನಡಿಗರಿಗೆ ಒಳ್ಳೆಯ ದಾರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣ ನಮ್ಮ ಮನೆಯಲ್ಲೇ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಪತ್ರಿಕಾ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಸಾಹಿತಿಗಳ ಮನೆಗಳಲ್ಲಿ ಇಂದಿಗೂ ರಾಶಿ ಬಿದ್ದಿವೆ. ಅವುಗಳಲ್ಲಿ ಕನ್ನಡ ಅಕ್ಷರಗಳು ಲ್ಯಾಟಿನ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದಿವೆ. ಫಾಂಟ್ ಇಲ್ಲದೆ ತೆರೆದಾಗ ‘ಕನ್ನಡ’ ಎಂಬುದು `PÀ£ÀßqÀ` ಎಂದು ಕಾಣುವುದನ್ನು ನಮ್ಮಲ್ಲಿ ನೋಡದವರು ಕಡಿಮೆ. ಇದೂ 1252ರ ಮೇಲೆ ನಿಂತ ಕಟ್ಟಡವೇ. ಸಾದಾ ಟೆಕ್ಸ್ಟ್ ಫೈಲಿನಲ್ಲಿ ಉಳಿಸಿದ ಆ ಪದವನ್ನು ಕೋಡ್ ಪೇಜ್ 932ಕ್ಕೆ ಬದಲಿಸಿದ ಯಂತ್ರದಲ್ಲಿ ತೆರೆದರೆ ಆಗುವುದು ಹೀಗೆ:

```
50 C0 A3 C0 DF 71 C0

1252 :  PÀ£ÀßqÀ
932  :  Pﾀ｣ﾀﾟqﾀ
```

ಅಕ್ಷರಗಳು ಅರ್ಧಗಾತ್ರದ ಕಟಕಾನವಾಗಿಬಿಟ್ಟಿವೆ. ಈಗ ನುಡಿ ಫಾಂಟ್ ಹಾಕಿದರೂ ಕನ್ನಡ ಮೂಡುವುದಿಲ್ಲ, ಏಕೆಂದರೆ ಫಾಂಟಿಗೆ ಬೇಕಾದ `À` ಅಲ್ಲಿಲ್ಲ. ಈ ಒಂದು ಪದದಲ್ಲಿ ಬೈಟ್‌ಗಳೇನೋ ಹಾಗೇ ಉಳಿದಿವೆ, 1252ಕ್ಕೆ ಮರಳಿದರೆ ಪದವೂ ಮರಳುತ್ತದೆ. ಆದರೆ E0ಯಿಂದ FCವರೆಗಿನ ಬೈಟ್‌ಗಳು ಬಂದರೆ 932 ಅವುಗಳನ್ನು ಜೋಡಿಯ ಮೊದಲರ್ಧ ಎಂದು ತಿಳಿದು ಪಕ್ಕದ ಅಕ್ಷರವನ್ನೂ ನುಂಗುತ್ತದೆ. ಅಂಥ ಜೋಡಿಗೆ ಕೋಷ್ಟಕದಲ್ಲಿ ಅರ್ಥವಿಲ್ಲದಿದ್ದಾಗ, ತಿಳಿಯದೆ ಆ ಫೈಲನ್ನು ಮತ್ತೆ ಸೇವ್ ಮಾಡಿದರೆ ಆ ಭಾಗ ಶಾಶ್ವತವಾಗಿ ಹೋಗಬಹುದು. ವರ್ಡ್‌ನ ಹೊಸ ಬಗೆಯ ಕಡತಗಳಿಗೆ ಈ ಅಪಾಯವಿಲ್ಲ, ಅವು ಒಳಗೆ ಯೂನಿಕೋಡನ್ನೇ ಬಳಸುತ್ತವೆ. ಮಗನ ಆಟಕ್ಕೂ ಅಪ್ಪನ ಹಳೆಯ ನುಡಿ ಕಡತಗಳಿಗೂ ಒಂದೇ ಕಂಪ್ಯೂಟರ್ ಇರುವ ಮನೆಯಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು.

ಹಾಗಾಗಿ ಒಂದು ಆಟಕ್ಕೆ ಮಾತ್ರ ಕೋಷ್ಟಕ ಬದಲಿಸುವ ಉಪಾಯವೇ ಲೇಸು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮೈಕ್ರೋಸಾಫ್ಟೇ ಆಪ್‌ಲೊಕೇಲ್ ಎಂಬ ಸಣ್ಣ ಸಾಧನ ಕೊಟ್ಟಿತ್ತು. ಈಗ ಹೆಚ್ಚು ಬಳಕೆಯಲ್ಲಿರುವುದು ಲೊಕೇಲ್ ಎಮ್ಯುಲೇಟರ್ ಎಂಬ ಮುಕ್ತ ತಂತ್ರಾಂಶ. ಆಟದ ಫೈಲಿನ ಮೇಲೆ ಬಲಗುಂಡಿ ಒತ್ತಿ ಜಪಾನಿಯಲ್ಲಿ ಓಡಿಸು ಎಂದರೆ, ಆ ಒಂದು ಪ್ರೋಗ್ರಾಂ ಎದುರು ಮಾತ್ರ ಕಂಪ್ಯೂಟರ್ ಜಪಾನಿಯಂತೆ ನಡೆದುಕೊಳ್ಳುತ್ತದೆ. ಮರುಚಾಲನೆ ಬೇಕಿಲ್ಲ, ನಿಮ್ಮ ಕಡತಗಳಿಗೆ ಏನೂ ಆಗುವುದಿಲ್ಲ. ಇದು 32 ಬಿಟ್ ಪ್ರೋಗ್ರಾಂಗಳಿಗಷ್ಟೇ ಕೆಲಸ ಮಾಡುತ್ತದೆ, ಆ ಕಾಲದ ವಿಂಡೋಸ್ ಆಟಗಳು ಹೇಗೂ 32 ಬಿಟ್‌ನವೇ. ಕಂಪ್ಯೂಟರಿನ ಸಮಯವಲಯ ಟೋಕಿಯೊದ್ದೇ ಎಂದು ಪರೀಕ್ಷಿಸಿ, ಅಲ್ಲದಿದ್ದರೆ ಓಡಲು ಒಪ್ಪದ ಕೆಲವು ಜಪಾನಿ ಕಥಾ ಆಟಗಳೂ ಇವೆ. ಲೊಕೇಲ್ ಎಮ್ಯುಲೇಟರ್ ಆ ಸಮಯವಲಯವನ್ನೂ ತೋರಿಸಬಲ್ಲದು. ಲಿನಕ್ಸ್‌ನಲ್ಲಿ ವೈನ್ ಬಳಸುವವರ ಕೆಲಸ ಇನ್ನೂ ಸುಲಭ. ಜಪಾನಿ ಲೊಕೇಲ್ ಅನ್ನು ಮೊದಲೇ ಯಂತ್ರದಲ್ಲಿ ಸೇರಿಸಿಕೊಂಡಿದ್ದರೆ ಒಂದೇ ಸಾಲು ಸಾಕು:

```
LC_ALL=ja_JP.UTF-8 wine game.exe
```

ಹೆಸರಿನಲ್ಲಿ ಯುಟಿಎಫ್-8 ಎಂದಿದ್ದರೂ ಗಾಬರಿ ಬೇಡ. ವೈನ್ ಅದರಲ್ಲಿನ ಜಪಾನ್ ಎಂಬುದನ್ನು ಗಮನಿಸಿ ಆಟಕ್ಕೆ 932ನ್ನೇ ಕೊಡುತ್ತದೆ.

ಕೊನೆಯದಾಗಿ, ಕನ್ನಡದಲ್ಲಿ ಹೆಸರಿಟ್ಟುಕೊಂಡವರಿಗೇ ಬರುವ ಒಂದು ತೊಂದರೆ. ವಿಂಡೋಸ್‌ಗೆ ಕನ್ನಡ ಬಂದದ್ದು ಎಕ್ಸ್‌ಪಿಯೊಂದಿಗೆ, ಬರುವಾಗಲೇ ಯೂನಿಕೋಡ್ ರೂಪದಲ್ಲಿ ಬಂತು. ಜಪಾನಿಗೆ 932 ಇದ್ದ ಹಾಗೆ ಹಳೆಯ ಬಾಗಿಲಿನ ಕೋಡ್ ಪೇಜ್ ಕನ್ನಡಕ್ಕೆ ಇಲ್ಲವೇ ಇಲ್ಲ. ನಿಮ್ಮ ಬಳಕೆದಾರ ಫೋಲ್ಡರಿನ ಹೆಸರು ‘ರವಿ’ ಎಂದು ಕನ್ನಡದಲ್ಲಿದ್ದು, ಆಟವನ್ನು ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದೀರಿ ಎಂದುಕೊಳ್ಳಿ. ಆಟ ತಾನೆಲ್ಲಿದ್ದೇನೆ ಎಂದು ಹಳೆಯ ಬಾಗಿಲಿನಲ್ಲಿ ಕೇಳಿದರೆ `C:\Users\???\Desktop` ಎಂಬ ಉತ್ತರ ಸಿಗುತ್ತದೆ. ರ, ವ, ಗುಡಿಸು, ಮೂರಕ್ಕೂ ಒಂದೊಂದು ಪ್ರಶ್ನಾರ್ಥಕ. ಪೂರ್ಣ ವಿಳಾಸ ನಂಬಿ ಫೈಲ್ ತೆರೆಯುವ ಆಟವಾದರೆ ಅಲ್ಲಿಗೆ ಮುಗಿಯಿತು. ಇಂಗ್ಲಿಷ್ ಆರಿಸಿದರೂ ಜಪಾನಿ ಆರಿಸಿದರೂ ಫಲ ಒಂದೇ, ಏಕೆಂದರೆ ಎರಡೂ ಕೋಷ್ಟಕಗಳಲ್ಲಿ ಕನ್ನಡವಿಲ್ಲ. ಇದು ಜಪಾನಿ ಆಟಗಳಿಗಷ್ಟೇ ಅಲ್ಲ, ಅದೇ ಕಾಲದ ಇಂಗ್ಲಿಷ್ ಆಟಗಳಿಗೂ ಅನ್ವಯ. ಆಟವನ್ನು `C:\Games` ಎಂಬಂಥ ಸಾದಾ ಇಂಗ್ಲಿಷ್ ಹೆಸರಿನ ಫೋಲ್ಡರಿಗೆ ಸರಿಸುವುದೇ ಇದಕ್ಕೆ ಪರಿಹಾರ.

ಹಳೆಯ ಆಟಗಳನ್ನು ಕೂಡಿಟ್ಟುಕೊಂಡವರಲ್ಲಿ ಒಂದು ವಿನಂತಿ: ಬಿಚ್ಚಿದ ಮೇಲೆ ಮೂಲ ಜಿಪ್ ಫೈಲನ್ನು ಅಳಿಸಬೇಡಿ, ಸಿ.ಡಿ. ಇದ್ದರೆ ಅದರ ಪೂರ್ತಿ ಪ್ರತಿಯೊಂದನ್ನು ಮುಟ್ಟದೆ ಇಟ್ಟುಕೊಳ್ಳಿ. ಬಿಚ್ಚಿದ ಫೋಲ್ಡರಿನಲ್ಲಿ ಹೆಸರುಗಳು ಒಮ್ಮೆ ಅಡ್ಡಗೆರೆಗಳಾಗಿ ಬದಲಾದರೆ ಅವನ್ನು ಮತ್ತೆ ಕಾಂಜಿಗೆ ತರಲು ಆಗುವುದಿಲ್ಲ. ಮೂಲದಲ್ಲಿನ ಬೈಟ್‌ಗಳು ಉಳಿದಿದ್ದರೆ ಯಾವಾಗ ಬೇಕಾದರೂ ಸರಿಯಾದ ಕೋಷ್ಟಕ ಹೇಳಿ ಮತ್ತೆ ಬಿಚ್ಚಿಕೊಳ್ಳಬಹುದು.